ನಿವೃತ್ತಿಯ ಮೊದಲ ವರ್ಷಗಳಲ್ಲಿ ಮಾರುಕಟ್ಟೆ ಬಿದ್ದರೆ

ದಾವಣಗೆರೆಯಲ್ಲಿ ಒಂದು ದಂಪತಿ, ಹಾಸನದಲ್ಲಿ ಇನ್ನೊಂದು ದಂಪತಿ ಇದ್ದಾರೆ ಎಂದು ಇಟ್ಟುಕೊಳ್ಳೋಣ. ಪಿಎಫ್, ಗ್ರಾಚ್ಯುಟಿ, ಉಳಿತಾಯ ಎಲ್ಲ ಸೇರಿ ನಿವೃತ್ತಿಯ ದಿನ ಎರಡೂ ಮನೆಗಳಲ್ಲಿ ಒಂದೊಂದು ಕೋಟಿ ರೂಪಾಯಿ ಇತ್ತು. ಇಬ್ಬರೂ ಅಷ್ಟನ್ನೂ ಸೆನ್ಸೆಕ್ಸ್ ಜೊತೆಗೇ ಏರಿಳಿಯುವ ಒಂದು ಇಂಡೆಕ್ಸ್ ಫಂಡ್‌ಗೆ ಹಾಕಿದರು. ಪ್ರತಿ ಜನವರಿಯಲ್ಲಿ ಆ ವರ್ಷದ ಮನೆಖರ್ಚಿಗೆ ಬೇಕಾದಷ್ಟನ್ನು ಅದರಿಂದ ತೆಗೆಯುತ್ತಾರೆ. ಮೊದಲ ವರ್ಷ 5 ಲಕ್ಷ, ಆಮೇಲೆ ಬೆಲೆ ಏರಿಕೆಯ ಲೆಕ್ಕದಲ್ಲಿ ವರ್ಷಕ್ಕೆ ಶೇ 6ರಷ್ಟು ಹೆಚ್ಚು. ಹತ್ತು ವರ್ಷಗಳಲ್ಲಿ ಎರಡೂ ಮನೆಯವರು ತೆಗೆದದ್ದು ಒಟ್ಟು ಸುಮಾರು 66 ಲಕ್ಷ.

ದಾವಣಗೆರೆಯವರು ನಿವೃತ್ತರಾದದ್ದು 2007ರ ಕೊನೆಯ ದಿನ. ಆ ದಿನ ಸೆನ್ಸೆಕ್ಸ್ 20,287ರಲ್ಲಿತ್ತು. ಅಮೆರಿಕದ ಬ್ಯಾಂಕ್ ಬಿಕ್ಕಟ್ಟಿನ ಏಟಿಗೆ 2008ರ ಕೊನೆಗೆ ಅದು 9,647ಕ್ಕೆ ಇಳಿಯಿತು. 2009ರಲ್ಲಿ ಶೇ 81ರಷ್ಟು ಏರಿತು, 2011ರಲ್ಲಿ ಮತ್ತೆ ಶೇ 25ರಷ್ಟು ಕುಸಿಯಿತು. ಹೀಗೆ ಏಳುತ್ತ ಬೀಳುತ್ತ 2017ರ ಕೊನೆಗೆ 34,057ಕ್ಕೆ ಬಂತು. ಅವರು ಎದುರಿಸಿದ ಈ ಹತ್ತು ವರ್ಷ ನಿಜವಾಗಿ ನಡೆದದ್ದು. ಹಾಸನದವರಿಗೆ ಅದೇ ಹತ್ತು ವರ್ಷಗಳನ್ನು ತಿರುಗುಮುರುಗು ಮಾಡಿ ಕೊಡೋಣ. 2017ರ ಏರಿಕೆ ಅವರಿಗೆ ಮೊದಲ ವರ್ಷವೇ ಸಿಕ್ಕಿತು, 2008ರ ಮಹಾಕುಸಿತ ಹತ್ತನೆಯ ವರ್ಷ ಬಂತು. ಹತ್ತು ಅಂಕಿಗಳೂ ಅವೇ, ಸರಾಸರಿಯೂ ಅದೇ. ಹಣ ತೆಗೆಯದೆ ಸುಮ್ಮನೆ ಇಟ್ಟಿದ್ದರೆ ಎರಡೂ ಮನೆಗಳಲ್ಲಿ ಸರಿಸಮವಾಗಿ 1 ಕೋಟಿ 68 ಲಕ್ಷ ಆಗುತ್ತಿತ್ತು.

ಆದರೆ ಇಬ್ಬರೂ ಪ್ರತಿವರ್ಷ ತೆಗೆದಿದ್ದಾರೆ. ಹತ್ತು ವರ್ಷದ ಕೊನೆಗೆ ದಾವಣಗೆರೆಯವರ ಬಳಿ ಉಳಿದದ್ದು 52 ಲಕ್ಷದ ಆಸುಪಾಸು. ಹಾಸನದವರ ಬಳಿ, ಅವರ ಹಣ ಒಂದೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಬಿದ್ದ ಮೇಲೂ, ಒಂದು ಕೋಟಿ ಉಳಿದಿದೆ. (ಲೆಕ್ಕ ಸರಳವಾಗಿರಲೆಂದು ಷೇರುಗಳ ಡಿವಿಡೆಂಡ್, ತೆರಿಗೆ, ಫಂಡ್‌ನ ಶುಲ್ಕ ಬಿಟ್ಟಿದ್ದೇನೆ.)

ಸರಿಸುಮಾರು ಎರಡು ಪಟ್ಟು ವ್ಯತ್ಯಾಸ. ಯಾರೂ ದುಂದು ಮಾಡಿಲ್ಲ, ಯಾರೂ ತಪ್ಪು ಫಂಡ್ ಆರಿಸಿಲ್ಲ. ಒಳ್ಳೆಯ ವರ್ಷ, ಕೆಟ್ಟ ವರ್ಷ ಯಾವ ಸರದಿಯಲ್ಲಿ ಬಂದವು ಎಂಬುದಷ್ಟೇ ಬೇರೆ. ಹಣಕಾಸು ಯೋಜಕರು ಇದನ್ನು ಪ್ರತಿಫಲದ ಸರದಿಯ ಅಪಾಯ ಎನ್ನುತ್ತಾರೆ. ‘ಷೇರು ಮಾರುಕಟ್ಟೆ ದೀರ್ಘಾವಧಿಯಲ್ಲಿ ಸರಾಸರಿ ಇಷ್ಟು ಕೊಡುತ್ತದೆ’ ಎಂಬ ಮಾತನ್ನು ನಂಬಿ ನಿವೃತ್ತಿಯ ಲೆಕ್ಕ ಹಾಕುವವರು ತಿಳಿಯಲೇಬೇಕಾದ ಸಂಗತಿ ಇದು. ಗಂಟಿನಿಂದ ಹಣ ತೆಗೆಯಲು ಶುರು ಮಾಡಿದ ದಿನದಿಂದ ಸರಾಸರಿಯೊಂದೇ ಏನನ್ನೂ ಹೇಳುವುದಿಲ್ಲ.

ಇದು ಹೇಗಾಗುತ್ತದೆ ಎಂದು ನೋಡಲು ರೂಪಾಯಿ ಬಿಟ್ಟು ಯೂನಿಟ್‌ಗಳನ್ನು ಎಣಿಸಬೇಕು. ನಿವೃತ್ತಿಯ ದಿನ ಒಂದು ಯೂನಿಟ್‌ನ ಬೆಲೆ 100 ರೂಪಾಯಿ ಎಂದುಕೊಂಡರೆ ಒಂದು ಕೋಟಿಗೆ ಒಂದು ಲಕ್ಷ ಯೂನಿಟ್. ಮೊದಲ ಜನವರಿಯ 5 ಲಕ್ಷಕ್ಕೆ ಇಬ್ಬರೂ 5,000 ಯೂನಿಟ್ ಮಾರಿದರು. ಎರಡನೆಯ ಜನವರಿಯಲ್ಲಿ ಇಬ್ಬರಿಗೂ ಬೇಕಾದದ್ದು 5 ಲಕ್ಷ 30 ಸಾವಿರ. ದಾವಣಗೆರೆಯವರ ಯೂನಿಟ್ ಬೆಲೆ ಅಷ್ಟರಲ್ಲಿ 47 ರೂಪಾಯಿ ಚಿಲ್ಲರೆಗೆ ಇಳಿದಿತ್ತು, ಹಾಗಾಗಿ ಅವರು 11,100ಕ್ಕೂ ಹೆಚ್ಚು ಯೂನಿಟ್ ಮಾರಬೇಕಾಯಿತು. ಹಾಸನದವರ ಯೂನಿಟ್ ಬೆಲೆ 128ರ ಹತ್ತಿರ ಇತ್ತು, ಅವರು ಮಾರಿದ್ದು 4,100 ಚಿಲ್ಲರೆ. ಒಂದೇ ಜನವರಿಯಲ್ಲಿ 7,000 ಯೂನಿಟ್‌ಗಳ ಅಂತರ ಬಿತ್ತು.

2009ರಲ್ಲಿ ಮಾರುಕಟ್ಟೆ ಶೇ 81ರಷ್ಟು ಏರಿದಾಗ ಮಾರಿಹೋದ ಆ ಯೂನಿಟ್‌ಗಳಿಗೆ ಏರಿಕೆಯಲ್ಲಿ ಪಾಲು ಇರಲಿಲ್ಲ. ಬೆಲೆ ಚೇತರಿಸಿಕೊಂಡಿತು, ಯೂನಿಟ್‌ಗಳ ಸಂಖ್ಯೆ ಚೇತರಿಸಿಕೊಳ್ಳಲಿಲ್ಲ. ಬರಗಾಲದಲ್ಲಿ ಬಿತ್ತನೆ ಬೀಜವನ್ನೇ ಅನ್ನಕ್ಕೆ ಹಾಕಿದ ಮನೆಗೆ ಮುಂದಿನ ವರ್ಷ ಒಳ್ಳೆಯ ಮಳೆ ಬಂದರೂ ಹೊಲ ತುಂಬುವುದಿಲ್ಲವಲ್ಲ, ಹಾಗೆ. ಆ 7,000 ಯೂನಿಟ್‌ಗಳು ಉಳಿದಿದ್ದರೆ 2017ರ ಕೊನೆಗೆ ಅವುಗಳ ಬೆಲೆಯೇ ಸುಮಾರು ಹನ್ನೊಂದೂಮುಕ್ಕಾಲು ಲಕ್ಷ ಆಗುತ್ತಿತ್ತು. ಹತ್ತು ವರ್ಷ ಮುಗಿದಾಗ ಒಂದು ಲಕ್ಷ ಯೂನಿಟ್‌ಗಳಲ್ಲಿ ದಾವಣಗೆರೆಯವರ ಬಳಿ 31 ಸಾವಿರ, ಹಾಸನದವರ ಬಳಿ ಸುಮಾರು 60 ಸಾವಿರ ಉಳಿದಿದ್ದವು.

ದುಡಿಯುವ ವಯಸ್ಸಿನಲ್ಲಿ ಇದೇ ಗಣಿತ ನಮ್ಮ ಪರವಾಗಿರುತ್ತದೆ. ತಿಂಗಳು ತಿಂಗಳು ಎಸ್‌ಐಪಿ ಕಟ್ಟುವವರಿಗೆ ಮಾರುಕಟ್ಟೆ ಬಿದ್ದಾಗ ಅದೇ ದುಡ್ಡಿಗೆ ಹೆಚ್ಚು ಯೂನಿಟ್ ಸಿಗುತ್ತದೆ, ಆದ್ದರಿಂದ ‘ಬಿದ್ದರೆ ಹೆದರಬೇಡಿ, ಕಟ್ಟುತ್ತಾ ಹೋಗಿ’ ಎಂಬ ಸಲಹೆ ಸರಿಯಾದದ್ದೇ. ನಿವೃತ್ತರಾದ ಮೇಲೆ ಅದೇ ಏಜೆಂಟರು ಎಸ್‌ಡಬ್ಲ್ಯುಪಿ ಮಾಡಿಸುತ್ತಾರೆ. ಪ್ರತಿ ತಿಂಗಳು ನಿಗದಿತ ಮೊತ್ತ ಬ್ಯಾಂಕ್ ಖಾತೆಗೆ ಬರುತ್ತದೆ, ಸಂಬಳದ ಹಾಗೆ ಕಾಣುತ್ತದೆ. ಆದರೆ ಇಲ್ಲಿ ಮಾರುಕಟ್ಟೆ ಬಿದ್ದ ತಿಂಗಳು ಹೆಚ್ಚು ಯೂನಿಟ್ ಮಾರಿಹೋಗುತ್ತದೆ. ಇಪ್ಪತ್ತೈದು ವರ್ಷ ‘ಹೆದರಬೇಡಿ’ ಎಂದು ಕೇಳಿದ ಕಿವಿಗೆ ಈ ತಿರುವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಪೂರ್ತಿ ಷೇರು ಫಂಡ್ ಒಂದರ ಮೇಲೆ ನಿವೃತ್ತಿಯ ಮೊದಲ ತಿಂಗಳಿನಿಂದಲೇ ಎಸ್‌ಡಬ್ಲ್ಯುಪಿ ಹಾಕಿಕೊಂಡವರು ತಮಗೆ ಗೊತ್ತಿಲ್ಲದೆಯೇ ದಾವಣಗೆರೆಯ ದಂಪತಿಯ ಜಾಗದಲ್ಲಿ ನಿಂತಿರುತ್ತಾರೆ.

ಈ ವಿಷಯವನ್ನು ಅಂಕಿ ಸಮೇತ ಮುಂದಿಟ್ಟವರಲ್ಲಿ ಮೊದಲಿಗರು ಅಮೆರಿಕದ ವಿಲಿಯಂ ಬೆಂಗನ್. ವಿಮಾನ ತಂತ್ರಜ್ಞಾನ ಓದಿ ಆಮೇಲೆ ಹಣಕಾಸು ಯೋಜಕರಾದವರು. 1994ರಲ್ಲಿ ಅವರು 1926ರಿಂದೀಚಿನ ಅಮೆರಿಕದ ಮಾರುಕಟ್ಟೆಯ ಅಂಕಿಗಳನ್ನು ಇಟ್ಟುಕೊಂಡು, ಬೇರೆ ಬೇರೆ ವರ್ಷಗಳಲ್ಲಿ ನಿವೃತ್ತರಾದವರ ಹಣ ಎಷ್ಟು ಕಾಲ ಬಾಳುತ್ತಿತ್ತು ಎಂದು ಲೆಕ್ಕ ಹಾಕಿದರು. ಮೊದಲ ವರ್ಷ ಗಂಟಿನ ಶೇ 4ರಷ್ಟು ತೆಗೆದು, ಮುಂದೆ ಹಣದುಬ್ಬರಕ್ಕೆ ತಕ್ಕಂತೆ ಏರಿಸುತ್ತ ಹೋದರೆ ಮೂವತ್ತು ವರ್ಷ ಬಾಳುತ್ತದೆ ಎಂಬ ಪ್ರಸಿದ್ಧ ಲೆಕ್ಕ ಅವರದೇ. ಅವರ ಲೆಕ್ಕದಲ್ಲಿ ಅತಿ ಕಷ್ಟಕ್ಕೆ ಸಿಕ್ಕಿದವರು 1929ರ ಮಹಾಕುಸಿತದ ಹೊತ್ತಿನವರಲ್ಲ, 1960ರ ದಶಕದ ಕೊನೆಯಲ್ಲಿ ನಿವೃತ್ತರಾದವರು. ಅವರಿಗೆ ಮೊದಲ ಹದಿನೈದು ವರ್ಷ ಮಾರುಕಟ್ಟೆಯೂ ಮಂಕು, ಹಣದುಬ್ಬರವೂ ಜೋರು. ತೆಗೆಯಬೇಕಾದ ಮೊತ್ತ ಏರುತ್ತಿತ್ತು, ಮಾರಬೇಕಾದ ಆಸ್ತಿಯ ಬೆಲೆ ಏರುತ್ತಿರಲಿಲ್ಲ. ಸರದಿಯ ಅಪಾಯ ಕುಸಿತದಿಂದಷ್ಟೇ ಬರುವುದಿಲ್ಲ, ದೀರ್ಘವಾದ ಮಂಕಿನಿಂದಲೂ ಬರುತ್ತದೆ ಎಂಬುದು ಇಲ್ಲಿ ಕಾಣುತ್ತದೆ. ಬೆಂಗನ್ ಅವರ ಶೇ 4 ಅಮೆರಿಕದ ಷೇರು, ಬಾಂಡ್, ಹಣದುಬ್ಬರಗಳಿಗೆ ಕಟ್ಟಿದ ಸಂಖ್ಯೆ. ಅದನ್ನು ಇಲ್ಲಿಗೆ ಹಾಗೇ ತರಲು ಬರುವುದಿಲ್ಲ, ಆದರೆ ಅವರು ಲೆಕ್ಕ ಹಾಕಿದ ರೀತಿಯನ್ನು ತರಬಹುದು.

ನಮ್ಮಲ್ಲಿ ಇದು ಯಾರ ಮನೆಯ ಪ್ರಶ್ನೆ? ಹಳೆಯ ಪಿಂಚಣಿ ಇರುವ ಸರ್ಕಾರಿ ನೌಕರರಿಗೆ ಇದರ ಚಿಂತೆ ಕಡಿಮೆ. ಅವರ ಪಿಂಚಣಿ ತುಟ್ಟಿಭತ್ಯೆಯ ಜೊತೆ ಏರುತ್ತದೆ, ಸೆನ್ಸೆಕ್ಸ್ ಬಿದ್ದರೂ ಎದ್ದರೂ ತಿಂಗಳ ಕೊನೆಗೆ ಬರುತ್ತದೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರ ನಂತರ ಸೇವೆಗೆ ಸೇರಿದವರು ಎನ್‌ಪಿಎಸ್ ವ್ಯವಸ್ಥೆಯೊಳಗೆ ಬಂದರು, ಅಲ್ಲಿ ಕೂಡಿದ ಹಣದ ಒಂದು ಭಾಗ ಮಾರುಕಟ್ಟೆಗೆ ಕಟ್ಟಿಕೊಂಡಿರುತ್ತದೆ. ಇನ್ನು ಕಾರ್ಖಾನೆ, ಖಾಸಗಿ ಕಾಲೇಜು, ಸಾಫ್ಟ್‌ವೇರ್ ಕಂಪನಿ, ಸ್ವಂತ ಅಂಗಡಿ ಇವುಗಳಿಂದ ನಿವೃತ್ತರಾಗುವವರಿಗೆ ಇಪಿಎಸ್ ಪಿಂಚಣಿ ಇದ್ದರೂ ಅದು ಸಾಮಾನ್ಯವಾಗಿ ದಿನಸಿಗೂ ಸಾಲದು. ಅವರ ಬದುಕು ನಿಂತಿರುವುದು ಇಡಿಗಂಟಿನ ಮೇಲೆ.

ಹಾಗಾದರೆ ದಾವಣಗೆರೆಯವರು ಏನು ಮಾಡಬಹುದಿತ್ತು? ಮುಂದಿನ ವರ್ಷ ಮಾರುಕಟ್ಟೆ ಬೀಳುತ್ತದೆ ಎಂದು 2007ರಲ್ಲಿ ತಿಳಿಯುವ ದಾರಿ ಅವರಿಗಿರಲಿಲ್ಲ. 2008ರ ಜನವರಿಯ ಆರಂಭದಲ್ಲೂ ಸೆನ್ಸೆಕ್ಸ್ ಹೊಸ ಎತ್ತರ ಮುಟ್ಟುತ್ತಿತ್ತು. ಆದ್ದರಿಂದ ಊಹೆ ಬೇಡದ ಉಪಾಯವೇ ಬೇಕು. ಬಿದ್ದ ವರ್ಷದಲ್ಲಿ ಷೇರು ಮಾರುವ ಪ್ರಮೇಯವೇ ಬರದಂತೆ, ಕೆಲವು ವರ್ಷಗಳ ಖರ್ಚನ್ನು ಷೇರಿನ ಹೊರಗೆ ಇಡುವುದು ಅಂಥದೊಂದು ಉಪಾಯ.

ಅದೇ ದಂಪತಿ 30 ಲಕ್ಷವನ್ನು ಠೇವಣಿಯಲ್ಲಿ, 70 ಲಕ್ಷವನ್ನು ಇಂಡೆಕ್ಸ್ ಫಂಡ್‌ನಲ್ಲಿ ಇಟ್ಟಿದ್ದರು ಎನ್ನಿ. ಠೇವಣಿಗೆ ಶೇ 7 ಬಡ್ಡಿ ಹಿಡಿಯೋಣ. ನಿಯಮ ಒಂದೇ: ಜನವರಿಯಲ್ಲಿ ಸೆನ್ಸೆಕ್ಸ್ ನಿವೃತ್ತಿಯ ದಿನದ ಮಟ್ಟಕ್ಕಿಂತ ಮೇಲಿದ್ದರೆ ಖರ್ಚನ್ನು ಫಂಡ್‌ನಿಂದ ತೆಗೆಯುವುದು, ಕೆಳಗಿದ್ದರೆ ಠೇವಣಿಯಿಂದ. ಹಾಗೆ ಮಾಡಿದರೆ 2008, 2009, 2010 ಮೂರೂ ವರ್ಷದ ಖರ್ಚು ಠೇವಣಿಯಿಂದ ಹೋಗುತ್ತದೆ. 2010ರ ಕೊನೆಗೆ ಸೆನ್ಸೆಕ್ಸ್ 20,509ಕ್ಕೆ ಮರಳಿದ್ದರಿಂದ 2011ರ ಖರ್ಚು ಫಂಡ್‌ನಿಂದ. ಆ ವರ್ಷದ ಕುಸಿತದ ನಂತರ ಎರಡು ವರ್ಷ ಮತ್ತೆ ಠೇವಣಿ, 2014ರಿಂದ ಮತ್ತೆ ಫಂಡ್. ಹತ್ತು ವರ್ಷದ ಕೊನೆಗೆ ಫಂಡ್‌ನಲ್ಲಿ 66 ಲಕ್ಷ, ಠೇವಣಿಯಲ್ಲಿ 11 ಲಕ್ಷ, ಒಟ್ಟು 77 ಲಕ್ಷದ ಹತ್ತಿರ ಉಳಿಯುತ್ತಿತ್ತು. 52ರ ಜಾಗದಲ್ಲಿ 77. ತಿಂಗಳ ಖರ್ಚಿನಲ್ಲಿ ಒಂದು ರೂಪಾಯಿಯೂ ಕಡಿತವಿಲ್ಲ.

ಇಲ್ಲಿ ಒಂದು ವಿಷಯವನ್ನು ಮುಚ್ಚಿಡಬಾರದು. ಈ ಲಾಭದ ಒಂದು ಪಾಲು ನಿಯಮದ ಜಾಣತನದಿಂದ ಬಂದದ್ದಲ್ಲ. ಆ ಹತ್ತು ವರ್ಷಗಳಲ್ಲಿ ಸೆನ್ಸೆಕ್ಸ್ ವರ್ಷಕ್ಕೆ ಸರಾಸರಿ ಶೇ 5ಕ್ಕೆ ಸ್ವಲ್ಪ ಮೇಲೆ ಬೆಳೆದಿತ್ತು, ನಾವು ಹಿಡಿದ ಠೇವಣಿಯ ಬಡ್ಡಿ ಅದಕ್ಕಿಂತ ಹೆಚ್ಚಿತ್ತು. ಜೊತೆಗೆ ಇನ್ನೊಂದು ದಾರಿಯನ್ನೂ ಲೆಕ್ಕ ಹಾಕಿ ನೋಡಿದೆ. ಖರ್ಚು ತೆಗೆದ ಮೇಲೆ ಪ್ರತಿ ಜನವರಿಯಲ್ಲೂ ಹಣವನ್ನು ಮತ್ತೆ 70–30ಕ್ಕೆ ಸಮ ಮಾಡುವುದು, ಅಂದರೆ ಷೇರು ಬಿದ್ದಿದ್ದರೆ ಠೇವಣಿ ಒಡೆದು ಷೇರು ಕೊಳ್ಳುವುದು, ಏರಿದ್ದರೆ ಷೇರು ಮಾರಿ ಠೇವಣಿ ಇಡುವುದು. ಅದರ ಫಲ 89 ಲಕ್ಷ! 2009ರ ಜನವರಿಯಲ್ಲಿ, ಎಲ್ಲರೂ ಬಿಟ್ಟೋಡುತ್ತಿದ್ದಾಗ, ಠೇವಣಿಯಿಂದ ಹಣ ತೆಗೆದು ಷೇರಿಗೆ ಹಾಕಿದ್ದಕ್ಕೆ ಸಿಕ್ಕ ಬಹುಮಾನ ಅದು.

ಕಾಗದದ ಮೇಲೆ ಎರಡನೆಯದೇ ಗೆಲ್ಲುತ್ತದೆ. ಆದರೆ ಅರವತ್ತು ದಾಟಿದವರು, ಗಂಟು ಕಣ್ಣೆದುರೇ ಕರಗುತ್ತಿರುವಾಗ, ಭದ್ರವಾಗಿರುವ ಹಣವನ್ನು ತೆಗೆದು ಕುಸಿಯುತ್ತಿರುವ ಕಡೆಗೆ ಹಾಕಿಯಾರೇ? ಆ ಜನವರಿಯಲ್ಲಿ ತಳ ಮುಟ್ಟಿಯಾಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ, ಮಾರ್ಚ್ ಹೊತ್ತಿಗೆ ಸೆನ್ಸೆಕ್ಸ್ 8,160ಕ್ಕೆ ಇನ್ನೂ ಇಳಿದಿತ್ತು. ಕೆಲವರ ಎದೆ ಗಟ್ಟಿ ಇರಬಹುದು. ಹೆಚ್ಚಿನವರಿಗೆ ನಾನು ಹೇಳುವುದು ಮೊದಲನೆಯ ದಾರಿ. ಹನ್ನೆರಡು ಲಕ್ಷ ಕಡಿಮೆ ಬಂದರೂ ಸರಿ, ಹೆದರಿ ತಳದಲ್ಲಿ ಎಲ್ಲವನ್ನೂ ಮಾರಿಬಿಡುವುದಕ್ಕಿಂತ ಅದು ಎಷ್ಟೋ ಮೇಲು. ಮುಂದಿನ ಮೂರು ವರ್ಷದ ಅಕ್ಕಿ, ಔಷಧಿ, ಕರೆಂಟ್ ಬಿಲ್‌ಗೆ ಹಣ ಬೇರೆ ಕಡೆ ಇದೆ ಎಂದು ಗೊತ್ತಿದ್ದವರು ಟಿವಿಯಲ್ಲಿ ಕೆಂಪು ಅಂಕಿ ನೋಡಿ ಏಜೆಂಟರಿಗೆ ಫೋನ್ ಮಾಡುವುದಿಲ್ಲ.

ಈಗ ಇದನ್ನು ನಮ್ಮ ಅಂಚೆ ಕಚೇರಿ, ಬ್ಯಾಂಕ್‌ಗಳ ಮಟ್ಟಕ್ಕೆ ಇಳಿಸೋಣ. ಮೊದಲು ನೋಡಬೇಕಾದದ್ದು ಹಿರಿಯ ನಾಗರಿಕರ ಉಳಿತಾಯ ಯೋಜನೆ. 2023ರ ಏಪ್ರಿಲ್‌ನಲ್ಲಿ ಇದರ ಮಿತಿ ಒಬ್ಬರಿಗೆ 15ರಿಂದ 30 ಲಕ್ಷಕ್ಕೆ ಏರಿತು, ಬಡ್ಡಿ ಶೇ 8.2 ಆಯಿತು. ಸರ್ಕಾರ ದರವನ್ನು ಮೂರು ತಿಂಗಳಿಗೊಮ್ಮೆ ನಿಗದಿ ಮಾಡುತ್ತದೆ, ಆದರೆ ನೀವು ಇಟ್ಟ ದಿನದ ದರ ನಿಮ್ಮ ಐದು ವರ್ಷಕ್ಕೂ ಬದಲಾಗದು. ಆ ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ, ವರ್ಷಕ್ಕೆ 2 ಲಕ್ಷ 46 ಸಾವಿರ. ಬಡ್ಡಿಗೆ ತೆರಿಗೆ ಉಂಟು. ಐದು ಲಕ್ಷ ಖರ್ಚಿನ ಮನೆಗೆ ಅಸಲು ಮುಟ್ಟದೆ ಅರ್ಧದಷ್ಟು ಇಲ್ಲಿಂದಲೇ ಬಂತು. ಉಳಿದ ಅರ್ಧಕ್ಕೆ, ಖರ್ಚು ಏರುವುದನ್ನೂ ಸೇರಿಸಿ ನಾಲ್ಕು ವರ್ಷಕ್ಕೆ ಸುಮಾರು 12 ಲಕ್ಷ ಬೇಕು. ಮೊದಲ ವರ್ಷದ್ದನ್ನು ಉಳಿತಾಯ ಖಾತೆಯಲ್ಲಿಟ್ಟು, ಮಿಕ್ಕದ್ದನ್ನು ಒಂದು, ಎರಡು, ಮೂರು ವರ್ಷದ ಎಫ್‌ಡಿಗಳಾಗಿ ಒಡೆದರೆ ಪ್ರತಿ ಜನವರಿಗೆ ಒಂದು ಎಫ್‌ಡಿ ಕೈಗೆ ಬರುತ್ತದೆ. ಒಂದು ಕೋಟಿಯಲ್ಲಿ 42 ಲಕ್ಷ ಹೀಗೆ ಹೋಯಿತು, 58 ಲಕ್ಷ ಷೇರಿನಲ್ಲಿ ನಾಲ್ಕು ವರ್ಷ ಯಾರ ಕೈಗೂ ಸಿಗದೆ ಕೂರಬಹುದು.

ಹಿರಿಯ ನಾಗರಿಕರ ಯೋಜನೆಯ ಅವಧಿ ಐದು ವರ್ಷ ಎಂಬುದು ಇಲ್ಲಿ ಚೆನ್ನಾಗಿ ಹೊಂದುತ್ತದೆ. ಅಪಾಯ ಹೆಚ್ಚಿರುವ ಮೊದಲ ಐದು ವರ್ಷ ಅದು ಬಡ್ಡಿ ಕೊಟ್ಟು, ಆಮೇಲೆ 30 ಲಕ್ಷ ಅಸಲನ್ನು ಹಿಂದಿರುಗಿಸುತ್ತದೆ. ಬೇಕಿದ್ದರೆ ಮೂರು ವರ್ಷ ಮುಂದುವರಿಸಲೂಬಹುದು. ನಡುವೆ ಒಡೆದರೆ ಮಾತ್ರ ನಷ್ಟ: ಒಂದು ವರ್ಷದೊಳಗೆ ಒಡೆದರೆ ಬಡ್ಡಿಯೇ ಇಲ್ಲ, ಎರಡು ವರ್ಷದೊಳಗೆ ಅಸಲಿನ ಶೇ 1.5, ಆಮೇಲೆ ಶೇ 1 ಕಡಿತ. ಆದ್ದರಿಂದಲೇ ಎಫ್‌ಡಿಗಳ ಆ 12 ಲಕ್ಷ ಬೇರೆಯಾಗಿ ಇರಬೇಕು.

ಈ ಹಣವನ್ನು ಇಡುವಾಗ ಹೆಚ್ಚು ಬಡ್ಡಿಯ ಆಸೆಗೆ ಊರಿನ ಪತ್ತಿನ ಸಹಕಾರ ಸಂಘಗಳಿಗೆ ಕೊಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಆ ವಿಮೆ ಅನ್ವಯಿಸುತ್ತದೆ, ಪತ್ತಿನ ಸಂಘಗಳಿಗೆ ಅನ್ವಯಿಸುವುದಿಲ್ಲ. ಕೆಟ್ಟ ವರ್ಷದಲ್ಲಿ ಕೈಹಿಡಿಯಬೇಕಾದ ಹಣವೇ ಸಿಕ್ಕಿಹಾಕಿಕೊಂಡರೆ ಈ ಇಡೀ ಏರ್ಪಾಡಿಗೆ ಅರ್ಥವಿಲ್ಲ.

ನಾಲ್ಕೈದು ವರ್ಷದ ಖರ್ಚು ಪಕ್ಕಕ್ಕಿಟ್ಟರೆ ಸಾಕೇ? ಸೆನ್ಸೆಕ್ಸ್ 2008ರ ಪೆಟ್ಟಿನಿಂದ ಮೂರು ವರ್ಷದೊಳಗೆ ಎದ್ದಿತು ಎಂಬುದು ನಮ್ಮ ಅದೃಷ್ಟ. ಜಪಾನಿನ ನಿಕ್ಕಿ ಸೂಚ್ಯಂಕ 1989ರ ಕೊನೆಗೆ ಮುಟ್ಟಿದ ಎತ್ತರವನ್ನು ದಾಟಿದ್ದು 2024ರ ಫೆಬ್ರುವರಿಯಲ್ಲಿ. ಅಲ್ಲಿ ಆ ಡಿಸೆಂಬರ್‌ನಲ್ಲಿ ನಿವೃತ್ತರಾದವರು ನಾಲ್ಕು ವರ್ಷದ ಠೇವಣಿ ಮುಗಿಸಿ ನೋಡಿದರೂ ಷೇರು ಪಾತಾಳದಲ್ಲೇ ಇರುತ್ತಿತ್ತು. ಠೇವಣಿ ಕಾಲಾವಕಾಶ ಕೊಡುತ್ತದೆ, ಅಷ್ಟೇ. ದೀರ್ಘವಾದ ಮಂಕು ಬಂದರೆ ಖರ್ಚೇ ಬಗ್ಗಬೇಕಾಗುತ್ತದೆ.

ಖರ್ಚು ಬಗ್ಗಿಸುವುದು ಎಂದರೆ ಹೊಟ್ಟೆ ಕಟ್ಟುವುದೆಂದು ಭಾವಿಸಬೇಕಿಲ್ಲ. ದಾವಣಗೆರೆಯವರು ಪೂರ್ತಿ ಹಣವನ್ನು ಷೇರಿನಲ್ಲೇ ಇಟ್ಟು ಒಂದೇ ಒಂದು ಬದಲಾವಣೆ ಮಾಡಿದ್ದರೆ ಏನಾಗುತ್ತಿತ್ತು ನೋಡಿ. ಮಾರುಕಟ್ಟೆ ಇಳಿದ ವರ್ಷದ ಮರುವರ್ಷ ಶೇ 6ರ ಏರಿಕೆ ಬಿಟ್ಟುಬಿಡುವುದು, ಹಿಂದಿನ ವರ್ಷದ ಮೊತ್ತದಲ್ಲೇ ಸಂಸಾರ ತೂಗಿಸುವುದು. ಆ ದಶಕದಲ್ಲಿ ಅಂಥ ಸಂದರ್ಭ ಬಂದದ್ದು ಮೂರು ಸಲ: 2009, 2012, 2016. ಬಿಟ್ಟ ಏರಿಕೆ ಮುಂದಿನ ವರ್ಷಗಳಿಗೂ ಅನ್ವಯಿಸುವುದರಿಂದ ಹತ್ತು ವರ್ಷದಲ್ಲಿ ಅವರು ಕಡಿಮೆ ತೆಗೆದದ್ದು ಸುಮಾರು 6 ಲಕ್ಷ 60 ಸಾವಿರ. ಕೊನೆಗೆ ಉಳಿದದ್ದು 63 ಲಕ್ಷ, ಅಂದರೆ ಹನ್ನೊಂದು ಲಕ್ಷದಷ್ಟು ಹೆಚ್ಚು. ಪ್ರವಾಸ ಮುಂದೂಡುವ, ಹಳೆಯ ಫ್ರಿಜ್ ಅನ್ನೇ ಇನ್ನೊಂದು ವರ್ಷ ಓಡಿಸುವ ಬಗೆಯ ಕಡಿತ ಇದು. ಔಷಧಿಯ ಖರ್ಚನ್ನು ಇದರಲ್ಲಿ ಸೇರಿಸಬಾರದು. ಆರೋಗ್ಯ ವಿಮೆಯ ಪ್ರೀಮಿಯಂ ಅಂತೂ ಪ್ರತಿವರ್ಷ ಏರುತ್ತದೆ, ಅದನ್ನು ಬಗ್ಗಿಸಲಾಗದು. ಹಾಗಾಗಿ ಖರ್ಚಿನಲ್ಲಿ ಬಗ್ಗುವ ಭಾಗ ಯಾವುದು, ಬಗ್ಗದ ಭಾಗ ಯಾವುದು ಎಂದು ಗಂಡ ಹೆಂಡತಿ ಕೂತು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಮನೆಗಳಲ್ಲಿ ತಿಂಗಳ ಖರ್ಚಿಗಿಂತ ಗಂಟನ್ನು ಮುರಿಯುವುದು ಒಮ್ಮೆಗೇ ಬರುವ ದೊಡ್ಡ ಖರ್ಚು. ಮಗಳ ಮದುವೆ, ಮಗನ ಸೈಟು, ಮನೆಯ ಮೇಲೊಂದು ಮಹಡಿ, ಇವೆಲ್ಲ ಸಾಮಾನ್ಯವಾಗಿ ಅಪ್ಪ ನಿವೃತ್ತರಾದ ಎರಡು ಮೂರು ವರ್ಷದೊಳಗೇ ಬರುತ್ತವೆ, ಏಕೆಂದರೆ ಹಣ ಬಂದದ್ದು ಆಗಲೇ. ದಾವಣಗೆರೆಯವರು 2009ರ ಜನವರಿಯಲ್ಲಿ ಮದುವೆಗೆಂದು 15 ಲಕ್ಷ ತೆಗೆಯಬೇಕಾಗಿ ಬಂದಿದ್ದರೆ ಅದಕ್ಕೆ 31 ಸಾವಿರಕ್ಕೂ ಹೆಚ್ಚು ಯೂನಿಟ್ ಮಾರಬೇಕಿತ್ತು, ಗಂಟಿನ ಮೂರನೆಯ ಒಂದು ಭಾಗ. ಅದೇ 15 ಲಕ್ಷಕ್ಕೆ 2011ರ ಜನವರಿಯಲ್ಲಿ 15 ಸಾವಿರ ಯೂನಿಟ್ ಕೂಡ ಬೇಕಿರಲಿಲ್ಲ. ಮದುವೆಯನ್ನು ಸೆನ್ಸೆಕ್ಸ್ ನೋಡಿ ನಿಶ್ಚಯಿಸಲಾಗದು, ಯಾರೂ ಹಾಗೆ ಮಾಡಲೂಬಾರದು. ಆದರೆ ಮೊದಲ ಐದು ವರ್ಷದಲ್ಲಿ ಬರುತ್ತದೆಂದು ಗೊತ್ತಿರುವ ಖರ್ಚಿನ ಹಣ ನಿವೃತ್ತಿಯ ದಿನವೇ ಎಫ್‌ಡಿಗೆ ಹೋಗಬೇಕು, ಅದು ಗಂಟಿನ ಲೆಕ್ಕದಲ್ಲೇ ಇರಬಾರದು. ಮಹಡಿಯಂತೆ ಮುಂದೂಡಬಹುದಾದದ್ದನ್ನು ಮಾರುಕಟ್ಟೆ ಬಿದ್ದ ವರ್ಷ ಮುಂದೂಡಿ.

ನಿಮ್ಮದು ದಾವಣಗೆರೆಯ ದಾರಿಯೋ ಹಾಸನದ ದಾರಿಯೋ ಎಂದು ತಿಳಿಯಲು ವರ್ಷಕ್ಕೊಮ್ಮೆ ಒಂದು ಭಾಗಾಕಾರ ಮಾಡಿದರೆ ಸಾಕು. ಈ ವರ್ಷ ತೆಗೆಯಬೇಕಾದ ಮೊತ್ತ ಈಗ ಉಳಿದಿರುವ ಒಟ್ಟು ಗಂಟಿನ ಶೇಕಡಾ ಎಷ್ಟು? ಇಬ್ಬರೂ ಶುರು ಮಾಡಿದ್ದು ಶೇ 5ರಿಂದ. ಎರಡನೆಯ ಜನವರಿಗೆ ಹಾಸನದವರದು ಶೇ 4.4ಕ್ಕೆ ಇಳಿದಿತ್ತು, ದಾವಣಗೆರೆಯವರದು ಶೇ 11.7ಕ್ಕೆ ಜಿಗಿದಿತ್ತು. ಅಮೆರಿಕದ ಯೋಜಕ ಜೊನಾಥನ್ ಗೈಟನ್ ಮತ್ತು ವಿಲಿಯಂ ಕ್ಲಿಂಗರ್ 2006ರಲ್ಲಿ ಒಂದು ನಿಯಮ ಸೂಚಿಸಿದರು: ಈ ಪ್ರಮಾಣ ಮೊದಲ ವರ್ಷದ್ದಕ್ಕಿಂತ ಐದನೆಯ ಒಂದು ಪಾಲು ಮೇಲೇರಿದರೆ, ಅಂದರೆ ಶೇ 5 ಇದ್ದದ್ದು ಶೇ 6 ದಾಟಿದರೆ, ಆ ವರ್ಷ ತೆಗೆಯುವ ಮೊತ್ತವನ್ನು ಶೇ 10ರಷ್ಟು ಇಳಿಸಬೇಕು. ಗಡಿ ಎಲ್ಲಿರಬೇಕು ಎಂಬುದನ್ನು ನಮ್ಮ ಖರ್ಚಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು, ಆದರೆ ಗಡಿ ಇರಬೇಕು, ಅದನ್ನು ಮಾರುಕಟ್ಟೆ ಶಾಂತವಾಗಿರುವಾಗಲೇ ಹಾಕಿಕೊಂಡಿರಬೇಕು. ಮೊದಲ ಎರಡು ಮೂರು ವರ್ಷಗಳಲ್ಲಿ ಗಡಿ ದಾಟಿದರೆ ಅಲ್ಪಸ್ವಲ್ಪ ದುಡಿಮೆಯೂ ದೊಡ್ಡ ಆಸರೆ. ಸಂಜೆ ಹೊತ್ತು ಲೆಕ್ಕಪತ್ರ ನೋಡಿಕೊಳ್ಳುವ, ಪಾಠ ಹೇಳುವ ಕೆಲಸದಿಂದ ತಿಂಗಳಿಗೆ ಹದಿನೈದು ಸಾವಿರ ಬಂದರೂ, ಬೆಲೆ ಅರ್ಧಕ್ಕಿಳಿದ ವರ್ಷದಲ್ಲಿ ಅದು ನಾಲ್ಕು ಸಾವಿರದಷ್ಟು ಯೂನಿಟ್‌ಗಳನ್ನು ಉಳಿಸುತ್ತದೆ. ಎಪ್ಪತ್ತೈದರ ವಯಸ್ಸಿನಲ್ಲಿ ಆ ದುಡಿಮೆಗೆ ಮೈಯೂ ಒಪ್ಪುವುದಿಲ್ಲ, ಅದರಿಂದ ಅಷ್ಟು ಪ್ರಯೋಜನವೂ ಇಲ್ಲ.

ಇಷ್ಟನ್ನು ಓದಿ ‘ಹಾಗಿದ್ದರೆ ಎಲ್ಲವನ್ನೂ ಎಫ್‌ಡಿಯಲ್ಲೇ ಇಡೋಣ’ ಎಂದು ಯಾರಾದರೂ ಹೇಳಿದರೆ ಅದು ಸಹಜ. ಆದರೆ ಶೇ 6ರ ಹಣದುಬ್ಬರದಲ್ಲಿ ಇವತ್ತಿನ 5 ಲಕ್ಷದ ಖರ್ಚು ಹನ್ನೆರಡು ವರ್ಷಕ್ಕೆ 10 ಲಕ್ಷ, ಇಪ್ಪತ್ತನಾಲ್ಕು ವರ್ಷಕ್ಕೆ 20 ಲಕ್ಷ. ಶೇ 7ರ ಬಡ್ಡಿಗೆ ತೆರಿಗೆ ಕಳೆದರೆ ಅದರ ಹಿಂದೆ ಓಡಲು ಬೇರೇನೂ ಉಳಿಯುವುದಿಲ್ಲ. ಎಂಬತ್ತೈದರವರೆಗೆ ಬದುಕುವ ಮನೆಗೆ ಷೇರಿನ ಪಾಲು ಬೇಕೇ ಬೇಕು. ವೇಡ್ ಫೌ ಮತ್ತು ಮೈಕೆಲ್ ಕಿಟ್ಸಿಸ್ ಎಂಬ ಸಂಶೋಧಕರು ಇದರಿಂದ ಮೇಲ್ನೋಟಕ್ಕೆ ವಿಚಿತ್ರವೆನಿಸುವ ತೀರ್ಮಾನಕ್ಕೆ ಬಂದರು. ನಿವೃತ್ತಿಯ ಆರಂಭದಲ್ಲಿ ಷೇರಿನ ಪಾಲು ಕಡಿಮೆ ಇರಲಿ, ಅಪಾಯದ ವರ್ಷಗಳು ದಾಟಿದ ಹಾಗೆ ಅದು ಮೆಲ್ಲಗೆ ಏರಲಿ ಎಂಬುದು ಅವರ ವಾದ. ಮೊದಲು ಎಫ್‌ಡಿಗಳನ್ನೂ ಬಡ್ಡಿಯನ್ನೂ ತಿನ್ನುತ್ತ, ಷೇರನ್ನು ಮುಟ್ಟದೆ ಬಿಟ್ಟ ಮನೆಯಲ್ಲಿ ಆಗುವುದೂ ಅದೇ. ವಯಸ್ಸಾದಂತೆ ಷೇರು ಇಳಿಸುತ್ತಲೇ ಹೋಗಬೇಕೆಂಬ ವಾಡಿಕೆಯ ಮಾತಿಗೆ ಇದು ವಿರುದ್ಧ, ಎಲ್ಲ ಯೋಜಕರೂ ಒಪ್ಪಿಲ್ಲ. ನನಗೆ ಅದರ ಮೊದಲ ಅರ್ಧದ ಮೇಲೆ ಪೂರ್ತಿ ವಿಶ್ವಾಸವಿದೆ: ಗಂಟು ಅತಿ ದೊಡ್ಡದಿರುವುದು, ಮುಂದಿನ ದಾರಿ ಅತಿ ಉದ್ದವಿರುವುದು ನಿವೃತ್ತಿಯ ಹಿಂದುಮುಂದಿನ ಐದೈದು ವರ್ಷಗಳಲ್ಲಿ. ಆದ್ದರಿಂದ ಷೇರಿನಿಂದ ಠೇವಣಿಗೆ ಹಣ ಸಾಗಿಸುವ ಕೆಲಸ ಐವತ್ತೈದಕ್ಕೇ ಶುರುವಾಗಬೇಕು. ಬೀಳ್ಕೊಡುಗೆಯ ವಾರದಲ್ಲಿ ಒಮ್ಮೆಲೇ ಮಾರಹೊರಟರೆ, ಆ ವಾರವೇ ಕುಸಿತದ ವಾರವಾಗಿರಬಹುದು.

ಕೊನೆಯದಾಗಿ ಒಂದು ಲೆಕ್ಕ. ದಾವಣಗೆರೆಯವರು ಆ ಕೆಟ್ಟ ದಶಕವನ್ನು ಪ್ರತಿವರ್ಷ 70–30ಕ್ಕೆ ಸಮ ಮಾಡುತ್ತ ದಾಟಿದ್ದರೂ, ಹನ್ನೊಂದನೆಯ ವರ್ಷದ ಖರ್ಚು ಗಂಟಿನ ಶೇ 10ಕ್ಕೆ ಬಂದು ನಿಲ್ಲುತ್ತಿತ್ತು. 89 ಲಕ್ಷ ನೋಡಲು ದೊಡ್ಡದು, ಆದರೆ ಏರುತ್ತ ಬಂದ ಖರ್ಚಿಗೆ ಅದು ಸಾಲದು. ಅವರು ಮೊದಲ ವರ್ಷ 5 ಲಕ್ಷದ ಬದಲು 4 ಲಕ್ಷದಿಂದ ಶುರು ಮಾಡಿದ್ದರೆ, ಉಳಿದೆಲ್ಲ ಹಾಗೇ ಇದ್ದೂ, 2017ರ ಕೊನೆಗೆ 1 ಕೋಟಿ 11 ಲಕ್ಷ ಉಳಿದು, ಹನ್ನೊಂದನೆಯ ವರ್ಷದ ಖರ್ಚು ಗಂಟಿನ ಶೇ 6.4 ಆಗುತ್ತಿತ್ತು. ಈ ಲೇಖನದಲ್ಲಿ ಹೇಳಿದ ಬೇರೆ ಯಾವ ಉಪಾಯಕ್ಕೂ ಇಷ್ಟು ಬಲವಿಲ್ಲ. ತಿಂಗಳಿಗೆ ಎಂಟು ಸಾವಿರ ಚಿಲ್ಲರೆಯ ಅಂತರ ಅದು, ಅದನ್ನು ತೀರ್ಮಾನಿಸಬೇಕಾದದ್ದು ಎಸ್‌ಡಬ್ಲ್ಯುಪಿ ಅರ್ಜಿಯಲ್ಲಿ ಮೊತ್ತ ತುಂಬುವ ಮೊದಲು.